ಎದುರು ಮನೆಯವರು ಕರೆಯಲಿಲ್ಲ

ಎದುರು ಮನೆಯವರು ತನ್ನನ್ನು ಕರೆಯಲಿಲ್ಲ ಎಂಬ ಅವಮಾನವನ್ನು ಹುಚ್ಚೀರಪ್ಪ ಬೆಳಗಿನ ಚಹಾದ ಜೊತೆಗೇ ನುಂಗಿದ. ಚಹಾ ಇಳಿಯಿತು, ಅವಮಾನ ಇಳಿಯಲಿಲ್ಲ.

ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಶಾಮಿಯಾನ ಎದ್ದಿತು, ಕುರ್ಚಿಗಳು ಇಳಿದವು, ಕಾರುಗಳು ಬಂದವು, ಬುಟ್ಟಿ ತುಂಬ ಹೂವೂ ಬಂತು.

"ನಿಶ್ಚಯ ಕಾರ್ಯ ಇದ್ದಂಗೈತಿ. ಎದರಾಬದರಾ ಅದೀವಿ, ಬಾ ಅಂತ ಒಂದ್ ಮಾತಿಲ್ಲ!"

"ಕರಿಯಾಕ ನಿಮ್ಮ ಹೆಸರರ ಗೊತ್ತಿರಬೇಕಲ್ರಿ?" ಎಂದಳು ಹೆಂಡತಿ ಪಕ್ಕೀರವ್ವ. "ಹೋಗಿ ನೋಡಿ ಬರ್ರಿ, ನಿಮ್ಮ ಗಂಟೇನು ಹೋಗತೈತಿ?"

"ಕರೀದ ಕಾರ್ಯಕ್ಕ ನಾ ಹೋಗಾಂವಲ್ಲ. ಕಿಡಕೀನೂ ಹಾಕು!"

(ಹಾಕಿದ ಮೇಲೆ ಅದರ ಸಂದಿಗೆ ಕಣ್ಣಿಟ್ಟವನೂ ಅವನೇ.)

ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಿಂದ ಕೊಪ್ಪಳದ ಈ ಹೊಸ ಬಡಾವಣೆಗೆ ಬಂದು ಎಂಟು ತಿಂಗಳಾಗಿತ್ತು. ಅಣ್ಣತಮ್ಮಂದಿರಲ್ಲಿ ಹೊಲ ಹಂಚಿಹೋಗಿ, ಇವನ ಪಾಲಿನಲ್ಲಿ ಎತ್ತು ತಿರುಗಿದರೆ ಬಾಲ ಪಕ್ಕದವರ ಹೊಲಕ್ಕೆ ಬೀಳುತ್ತಿತ್ತು. ಮಗ ಹನುಮೇಶನಿಗೆ ಇಲ್ಲಿ ಕಾರ್ಖಾನೆಯ ಪಾಳಿ ಕೆಲಸ, ಸೊಸೆ ಸುಮಂಗಲಾಗೆ ಬಟ್ಟೆ ಅಂಗಡಿ. "ಮಾವಾರ, ಯಾರ ಬಂದ್ರೂ ಬಾಗಲಾ ತೆಗೀಬ್ಯಾಡ್ರಿ" ಎಂದು ಹೇಳಿಯೇ ಅವಳು ಹೊರಡುವುದು. ಊರಲ್ಲಿ ಹಗಲಿಗೆ ಬಾಗಿಲು ಹಾಕಿದರೆ, ಒಳಗೆ ಯಾರಿಗೋ ಜಡ್ಡಾಗಿದೆಯೆಂದು ಓಣಿಯೇ ಬಂದು ಬಡಿಯುತ್ತಿತ್ತು. ಇಲ್ಲಿ ಎಂಟು ತಿಂಗಳಲ್ಲಿ ಬಡಿದವನು ಗ್ಯಾಸ್ ತರುವವನೊಬ್ಬನೇ.

ಮಧ್ಯಾಹ್ನ ಬಿಳಿ ವ್ಯಾನೊಂದು ಹಿಂದೆ ಹಿಂದೆ ಸರಿದು ಶಾಮಿಯಾನದ ಬಾಯಿಗೆ ಬಂದು ನಿಂತಿತು. ನಾಲ್ವರು ಒಳಗಿನಿಂದ ಹೊತ್ತು ತಂದರು. ಹೂವೆಲ್ಲ ಅದರ ಮೇಲಿತ್ತು. ಹೂವಿನ ನಡುವೆ ಆ ಮುದುಕನ ಮುಖ. ದಿನಾ ಬೆಳಿಗ್ಗೆ ಎದುರಿನ ಕಟ್ಟೆಯ ಮೇಲೆ ಕೂತು ಇತ್ತ ನೋಡುತ್ತಿದ್ದವನು. ಮೊದಲು ಅವನೇ ಮಾತಾಡಿಸಲಿ ಎಂದು ಇವನು ಕಾಯುತ್ತಿದ್ದ.

ಹಲಗೆ ಬಾರಿಸಿರಲಿಲ್ಲ. ಗೋಳು ಕೇಳಿರಲಿಲ್ಲ. ಯಾರು ತಿಳಿಸಬೇಕಿತ್ತು? ಮದುವೆಗೆ ಕರೆಯಬೇಕು, ಸಾವಿಗೆ ಯಾರೂ ಕರೆಯುವುದಿಲ್ಲ, ಹೋಗಬೇಕು. ಅರವತ್ತು ವರ್ಷ ಹಾಗೆ ಹೋದವನು, ಇಂದು ಮುನಿಸಿಕೊಂಡು ಕೂತಿದ್ದ.

ಚಿಲಕ ತೆಗೆದು ಬರಿಗಾಲಲ್ಲಿ ಓಡಿದ. ವ್ಯಾನು ತಿರುವಿನಾಚೆ ಹೋಗಿತ್ತು.

ಸತ್ತ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ನೆರೆಯವರೇ ಉಣಿಸಬೇಕು. ಪಕ್ಕೀರವ್ವ ಹಿಟ್ಟು ನಾದಿ, ಇಪ್ಪತ್ತು ರೊಟ್ಟಿ ಬಡಿದು, ಝುಣಕ ಮಾಡಿ ಬುಟ್ಟಿ ಕಟ್ಟಿಕೊಟ್ಟಳು. ಹುಚ್ಚೀರಪ್ಪ ಬುಟ್ಟಿ ಹೊತ್ತು ರಸ್ತೆ ದಾಟಿದ. ಎದುರು ಮನೆಗೆ ಬೀಗ.

ಅದರ ಪಕ್ಕದ ಮನೆಯ ರೆಹಮಾನ ಕುರ್ಚಿ ಒಂದರೊಳಗೊಂದು ಇಡುತ್ತಿದ್ದ.

"ಆದೆಪ್ಪಜ್ಜಾರ ಮಣ್ಣು ಸಿದ್ದಾಪುರದಾಗ್ರಿ, ಅವ್ರ ಊರಾಗ. ಎಲ್ಲಾರೂ ಹೋದ್ರು. ಪಾಪ, ಇಲ್ಲಿ ಮಾತಾಡ್ಸಾಕ ಯಾರೂ ಇಲ್ಲಂತ ಭಾಳ ಅಂತಿದ್ರು."

ಹೆಸರು ಆದೆಪ್ಪ. ಹುಚ್ಚೀರಪ್ಪ ಅದನ್ನು ಬಾಯೊಳಗೇ ಒಮ್ಮೆ ಅಂದುಕೊಂಡ.

"ನೀವು ಅವ್ರ ಕಡೇರೇನ್ರಿ? ಯಾ ಊರಿಂದ ಬಂದ್ರಿ?"

"ಇಲ್ಲೇರೀ, ಎದುರು ಮನಿ."

ರೆಹಮಾನ ಕುರ್ಚಿ ಕೈಯಲ್ಲಿ ಹಿಡಿದೇ ತಿರುಗಿ ನೋಡಿದ.

"ಅಲ್ಲಿ ಮಂದಿ ಅದಾರೇನ್ರಿ? ನಾವು ಆ ಮನಿ ಖಾಲಿ ಐತಿ ಅನ್ಕೊಂಡಿದ್ವಿ."