ಹತ್ತು ದಿನದಲ್ಲಿ ಹೊದಿಕೆ

ಪಾರ್ಸೆಲ್ ಕಚೇರಿಯ ಮ್ಯಾನೇಜರರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಕಚೇರಿಯವರಿಗೂ ನೆಂಟರಿಗೂ ಅವರು ಅರ್ಜೆಂಟಪ್ಪ. "ಆಗಲ್ಲ ಅನ್ನೋ ಮಾತನ್ನ ನನ್ನ ನಿಘಂಟಿಂದ ಹರಿದು ಬಿಸಾಕಿದ್ದೀನಿ!" ಎಂದು ದಿನಕ್ಕೊಮ್ಮೆಯಾದರೂ ಮೇಜು ಗುದ್ದದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ಇಂಥ ವೀರಾಧಿವೀರರು ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದಾಗ ಹೆಂಡತಿ ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದಳು: "ರೀ, ಅಮ್ಮನ ಹೊದಿಕೆ ಎಲ್ಲಿಗೆ ಬಂತು?"

ಅರ್ಧ ಕೆನ್ನೆಯಲ್ಲಿ ನೊರೆ, ಇನ್ನರ್ಧದಲ್ಲಿ ಬೆವರು! ಅತ್ತೆಗೆ ಎಪ್ಪತ್ತೈದು ತುಂಬುವ ದಿನಕ್ಕೆ ಕ್ರೋಶಾ ಹೊದಿಕೆ ಕೊಡಬೇಕು, ನೂಲಂಗಡಿಯಲ್ಲಿ ಈಗಲೇ ಹೇಳಿಬಿಡಿ ಎಂದು ಅವಳು ಮೂರು ತಿಂಗಳ ಹಿಂದೆಯೇ ಹೇಳಿದ್ದಳು. ಹೇಳಾಯ್ತು ಎಂದು ಇವರು ಅಂದೇ ವರದಿ ಒಪ್ಪಿಸಿಬಿಟ್ಟಿದ್ದರು. ಹೇಳುವುದೊಂದು ಬಿಟ್ಟು ಉಳಿದದ್ದೆಲ್ಲ ಆಗಿತ್ತು. ಹುಟ್ಟುಹಬ್ಬಕ್ಕೆ ಈಗ ಹತ್ತೇ ದಿನ.

"ಮುಗಿಯೋಕೆ ಬಂದಿದೆಯಂತೆ. ಅಂಚು ಕಟ್ತಿದ್ದಾರಂತೆ!"

"ಈ ಸಲ ಮರೆತಿದ್ರೆ ಅಮ್ಮನ ಮುಂದೆ ನೀವೇ ನಿಂತು ಹೇಳ್ಬೇಕು, ನೋಡಿ. ನಾನಂತೂ ಅಡ್ಡ ಬರಲ್ಲ."

ಅರ್ಜೆಂಟಪ್ಪ ಮುಖ ಪೂರ್ತಿ ಒರೆಸಿಕೊಳ್ಳದೆ ನೂಲಂಗಡಿಗೆ ಓಡಿದರು. ಅಂಗಡಿಯವನು ತಲೆ ಕೆರೆದುಕೊಂಡ. "ಹತ್ತು ದಿನಕ್ಕೆ ಕಷ್ಟ ಸಾರ್. ಹೆಣೆಯೋರು ಒಬ್ಬರಿದ್ದಾರೆ, ತಮ್ಮ ಹೆಸರು ಯಾರಿಗೂ ಹೇಳಬೇಡ ಅಂದಿದ್ದಾರೆ. ನೀವೇ ಬರೆದುಕೊಡಿ, ತಲುಪಿಸ್ತೀನಿ." ಸರಿ, ಅರ್ಜೆಂಟಪ್ಪ ಪಾರ್ಸೆಲ್ ಕಚೇರಿಯ ಕಾಗದದಲ್ಲೇ ಗೀಚಿದರು:

"ತೀರಾ ಅರ್ಜೆಂಟ್! ಒಂದು ಮಂಚಕ್ಕಾಗುವ ಹೊದಿಕೆ, ಹತ್ತು ದಿನದಲ್ಲಿ. ಬೇಕಾದರೆ ನಾಲ್ಕು ಜನರನ್ನು ಕೂರಿಸಿ, ಇಲ್ಲವೇ ಮಿಷನ್‌ಗೆ ಹಾಕಿ. ನಮ್ಮ ಅತ್ತೆಗೆ ಎಪ್ಪತ್ತೈದು. ಎಲ್ಲದರಲ್ಲೂ ಹುಳುಕು ಹುಡುಕುವ ಹೆಂಗಸು, ಆದರೆ ಕಣ್ಣು ಮಂಜು. ಹಾಗಾಗಿ ಮೇಲ್ಭಾಗ ಚೆಂದ ಕಂಡರೆ ಸಾಕು, ಹಿಂಭಾಗ ಹೇಗಿದ್ದರೂ ನಡೆಯುತ್ತದೆ."

ಮೂರನೆಯ ದಿನ ಕಚೇರಿಗೆ ಉತ್ತರ ಬಂತು. ಅಕ್ಷರ ಮುತ್ತು ಪೋಣಿಸಿದಂತಿತ್ತು.

"ಮಾನ್ಯರೇ, ನನ್ನ ಕೈಕೆಲಸವನ್ನು ನೆನೆದು ಬರೆದದ್ದಕ್ಕೆ ವಂದನೆಗಳು. ಆದರೆ ನೀವು ಕೇಳಿದ ದಿನಕ್ಕೆ ಹೊದಿಕೆ ಕೊಡಲಾರೆ, ದಯವಿಟ್ಟು ಮನ್ನಿಸಿ. ಕಾರಣವನ್ನೂ ಹೇಳುತ್ತೇನೆ. ಒಂದು ಮಂಚದ ಹೊದಿಕೆಗೆ ಅಂಗೈ ಅಗಲದ ಚೌಕಗಳು ನೂರಮೂವತ್ತು ಬೇಕು. ಕೈ ಪಳಗಿದವರಿಗೂ ಒಂದು ಚೌಕ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಿಡಿಯುತ್ತದೆ. ಬಣ್ಣ ಬದಲಾದಲ್ಲೆಲ್ಲ ನೂಲಿನ ತುದಿ ಉಳಿಯುತ್ತದೆ. ಅದನ್ನು ಸೂಜಿಯಿಂದ ಹೆಣಿಗೆಯೊಳಕ್ಕೇ ಮರೆಸಬೇಕು, ಕತ್ತರಿಸಿ ಬಿಟ್ಟರೆ ಎರಡನೆಯ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಚೌಕಗಳನ್ನು ಜೋಡಿಸಿ, ಸುತ್ತಲೂ ಅಂಚು ಹೆಣೆದು, ಒದ್ದೆ ಮಾಡಿ, ಅಳತೆಗೆ ಎಳೆದು ಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸಬೇಕು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೆಣೆದರೆ ನನ್ನ ಮಣಿಕಟ್ಟು ಮುನಿಸಿಕೊಳ್ಳುತ್ತದೆ.

"ಕ್ರೋಶಾ ಹೆಣಿಗೆಯನ್ನು ಮಿಷನ್ ಮಾಡಲಾರದು. ಕೊಕ್ಕೆಕಡ್ಡಿಯಿಂದ ಒಂದೊಂದು ಕುಣಿಕೆಯನ್ನೂ ಕೈಯೇ ಎಳೆಯಬೇಕು. ನಾಲ್ವರು ಕೂತರೆ ನಾಲ್ಕು ಬಿಗಿ: ಒಬ್ಬರ ಚೌಕ ದೊಡ್ಡದು, ಒಬ್ಬರದು ಚಿಕ್ಕದು, ಜೋಡಿಸಿದರೆ ಹೊದಿಕೆ ಸುಕ್ಕುಗಟ್ಟುತ್ತದೆ. ಇನ್ನು ನಿಮ್ಮ ಅತ್ತೆಯವರ ಕಣ್ಣಿನ ಮಾತು. ಹೊದಿಕೆಯನ್ನು ಕಣ್ಣಿಗಿಂತ ಮೊದಲು ಕೈ ನೋಡುತ್ತದೆ. ಅವರ ಕೈಗೆ ಮಂಜು ಬಂದಿರಲಾರದು. ಮೂರು ತಿಂಗಳು ಕೊಟ್ಟರೆ ಸಂತೋಷದಿಂದ ಮಾಡಿಕೊಡುವೆ. ಇಂತಿ, ಹೆಣಿಗೆಯವರು."

ಅರ್ಜೆಂಟಪ್ಪ ಕುರ್ಚಿಯಲ್ಲೇ ಕಲ್ಲಾದರು. ಆಗಲ್ಲ! ಅವರಿಗೆ! ಅದೂ ವಂದನೆಗಳ ಸಮೇತ!

"ಇದೇನು ಬ್ರಹ್ಮವಿದ್ಯೇನಾ?" ಎಂದು ಗುಡುಗಿ, ನಾಲ್ಕು ಕೊಕ್ಕೆಕಡ್ಡಿ, ಒಂದು ಮೂಟೆ ಉಲ್ಲನ್ ತರಿಸಿದರು. ಟೈಪಿಸ್ಟ್ ಹೆಣ್ಣುಮಗಳಿಗೆ ಅಲ್ಪಸ್ವಲ್ಪ ಹೆಣಿಗೆ ಬರುತ್ತಿತ್ತು, ಅವಳೇ ಗುರು. ಕ್ಯಾಷಿಯರ್, ವಾಚ್‌ಮನ್, ಸ್ವತಃ ಅರ್ಜೆಂಟಪ್ಪ, ಮೂವರೂ ಶಿಷ್ಯರು. ಪಾರ್ಸೆಲ್‌ಗಳು ಮೂಲೆಯಲ್ಲಿ ರಾಶಿ ಬಿದ್ದವು.

ಸಂಜೆಗೆ ಫಲಿತಾಂಶ ಮೇಜಿನ ಮೇಲೆ ಬಂತು. ಕ್ಯಾಷಿಯರ್ ಜನ್ಮತಃ ಬಿಗಿ ಮುಷ್ಟಿಯವರು, ಅವರ ಚೌಕ ಬಿಸ್ಕತ್ತಿನಷ್ಟಿತ್ತು. ವಾಚ್‌ಮನ್ ಆರಾಮದ ಮನುಷ್ಯ, ಅವನದು ಮೀನು ಹಿಡಿಯಲು ಸಾಕಾಗುವಷ್ಟು ಸಡಿಲ. ಅರ್ಜೆಂಟಪ್ಪನವರದು ಮಾತ್ರ ಮೇಜಿನ ಮೇಲೆ ಮಲಗಲೇ ಒಪ್ಪಲಿಲ್ಲ.

"ಸಾರ್, ಮೂಲೆಯಲ್ಲಿ ಕುಣಿಕೆ ಹೆಚ್ಚಿಸೋದು ಮರೆತಿದ್ದೀರ," ಎಂದಳು ಟೈಪಿಸ್ಟ್. "ಅದಕ್ಕೇ ಬಟ್ಟಲಾಗಿದೆ."

"ಮರೆತಿಲ್ಲಮ್ಮ, ಟೈಮ್ ಉಳಿಸಿದೆ!"

ವಾಚ್‌ಮನ್ ಅದನ್ನು ತಲೆಗಿಟ್ಟು ನೋಡಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಂದೇ ಶಾಲೆ ಮುಚ್ಚಿತು.

ಅರ್ಜೆಂಟಪ್ಪ ಸೋತು ಮನೆಗೆ ಬಂದು, ಅಂಗಿ ಕಳಚಿ ಗೂಟಕ್ಕೆ ಹಾಕಿ ಸ್ನಾನಕ್ಕೆ ಹೋದರು. ಒಗೆಯಲು ಹಾಕುವ ಮುನ್ನ ಹೆಂಡತಿ ಜೇಬು ತಡವಿದಳು. ಪತ್ರ ಸಿಕ್ಕಿತು. ಸ್ನಾನ ಮುಗಿಸಿ ಬಂದವರಿಗೆ ಕಂಡದ್ದು ನಡುಮನೆಯ ನೆಲದ ಮೇಲೆ ಧೊಪ್ಪನೆ ಕೂತಿದ್ದ ಹೆಂಡತಿ.

"ನೋಡೇ, ಮರೆತದ್ದು ನಿಜ, ತಪ್ಪಾಯ್ತು..."

"ಮರೆತದ್ದು ಹಾಳಾಗ್ಲಿ! ಈ ಪತ್ರ ಯಾರು ಕೊಟ್ರು ನಿಮಗೆ?"

"ನೂಲಂಗಡಿಯವನು. ಯಾರೋ ಹೆಣೆಯೋ ಹೆಂಗಸಂತೆ, ಭಾರೀ ಜಂಬ!"

"ರೀ..." ಅವಳು ಪತ್ರವನ್ನು ಅವರ ಮೂಗಿನ ಮುಂದೆ ಹಿಡಿದಳು. "ಇದು ಅಮ್ಮನ ಅಕ್ಷರ!"

ಅರ್ಜೆಂಟಪ್ಪನವರ ಕೈಯಿಂದ ಟವೆಲ್ಲು ಜಾರಿತು. ಪುಣ್ಯಕ್ಕೆ ಅದು ತಲೆ ಒರೆಸುವ ಟವೆಲ್ಲು.

"ಕಣ್ಣಿನ ಆಪರೇಷನ್ ಆದ್ಮೇಲೆ ಕಡ್ಡಿ ಮುಟ್ಟಕೂಡ್ದು ಅಂತ ನಾನೇ ಆಣೆ ಹಾಕಿಸಿಕೊಂಡಿದ್ದೆ," ಎಂದಳು ಅವಳು. "ನನಗೆ ತಿಳಿಯಬಾರ್ದು ಅಂತ ಹೆಸರು ಮುಚ್ಚಿ ಹೆಣೀತಿದ್ದಾಳೆ! ಆಪರೇಷನ್ ಆಗಿ ಕಣ್ಣು ಚೆನ್ನಾಗೇ ಕಾಣುತ್ತೆ ಕಣ್ರೀ ಅವಳಿಗೆ! ಅದ್ಸರಿ, ನೀವೇನು ಬರೆದಿದ್ರಿ?"

ತಾವು ಬರೆದದ್ದು ಅರ್ಜೆಂಟಪ್ಪನವರಿಗೆ ಅಕ್ಷರ ಅಕ್ಷರವಾಗಿ ನೆನಪಾಯಿತು. ಹುಳುಕು ಹುಡುಕುವ ಹೆಂಗಸು. ಕಣ್ಣು ಮಂಜು. ಹಿಂಭಾಗ ಹೇಗಿದ್ದರೂ ನಡೆಯುತ್ತದೆ. ಅದೂ ಮೇಲೆ ಕಚೇರಿಯ ವಿಳಾಸ ಅಚ್ಚಾಗಿದ್ದ ಕಾಗದದಲ್ಲಿ! ಭೂಮಿ ಬಾಯಿ ಬಿಟ್ಟಿದ್ದರೆ ಅರ್ಜೆಂಟಾಗಿ ಇಳಿದುಬಿಡುತ್ತಿದ್ದರು. ಬಾಯಿ ಬಿಟ್ಟವಳು ಹೆಂಡತಿ. ಎಲ್ಲವನ್ನೂ ಕೇಳಿದ ಮೇಲೆ ಅವಳು ಎರಡು ದಿನ ಬೈದಳು, ಮೂರನೆಯ ದಿನ ತಡೆಯಲಾರದೆ ಬಿದ್ದು ಬಿದ್ದು ನಕ್ಕಳು.

ಹುಟ್ಟುಹಬ್ಬದ ದಿನ ಅರ್ಜೆಂಟಪ್ಪ ಬರಿಗೈಯಲ್ಲಿ, ಬಾಗಿದ ತಲೆಯಲ್ಲಿ ಅತ್ತೆಯ ಮನೆಯ ಮೆಟ್ಟಿಲು ಹತ್ತಿದರು. ದಾರಿಯುದ್ದಕ್ಕೂ ಉರುಹೊಡೆದ ಕ್ಷಮಾಪಣೆ ಹೊಸ್ತಿಲಲ್ಲೇ ಆವಿಯಾಯಿತು.

"ಅತ್ತೆ, ಅದು... ಆ ಕಾಗದ..."

"ಯಾವ ಕಾಗದ ಅಳಿಯಂದ್ರೇ?" ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಬನ್ನಿ, ಕೂತ್ಕೊಳ್ಳಿ. ಎರಡೂ ಕೈ ಮುಂದೆ ಚಾಚಿ. ಹಾಗೇ. ಅಲ್ಲಾಡಿಸ್ಬೇಡಿ."

ಚಾಚಿದ ಕೈಗಳಿಗೆ ನೂಲಿನ ದಪ್ಪ ಲಡಿಯೊಂದನ್ನು ತೊಡಿಸಿ, ಎದುರಿಗೆ ಕೂತು, ಎಳೆ ಹಿಡಿದು ನಿಧಾನಕ್ಕೆ ಉಂಡೆ ಸುತ್ತತೊಡಗಿದರು. ಮೂಲೆಯಲ್ಲಿ ಇನ್ನೂ ಒಂದು ಬುಟ್ಟಿ ತುಂಬ ಲಡಿಗಳಿದ್ದವು.

"ಆರ್ಡರ್ ಒಪ್ಪಿಕೊಂಡಿದ್ದೀನಿ," ಎಂದರು ಅತ್ತೆ. "ಮೂರು ತಿಂಗಳು. ನನಗೆ ನಾನೇ ಹೆಣ್ಕೋತೀನಿ. ಮಗಳೂ ಒಪ್ಪಿದ್ದಾಳೆ, ನೂಲು ಸುತ್ತೋಕೆ ನೀವು ಭಾನುವಾರ ಭಾನುವಾರ ಬರೋದಾದ್ರೆ."

ಬಾಗಿಲ ಬಳಿ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅರ್ಜೆಂಟಪ್ಪನವರ ಮೂಗಿನ ತುದಿ ಇದೇ ಸಮಯ ನೋಡಿ ನವೆಯಾಗತೊಡಗಿತು. ಕೆರೆದುಕೊಳ್ಳಲು ಕೈಯಿಲ್ಲ. ಐದು ನಿಮಿಷ ಸಹಿಸಿದರು, ಹತ್ತು ನಿಮಿಷ ಸಹಿಸಿದರು.

"ಅತ್ತೆ, ಒಂಚೂರು ಬೇಗ ಸುತ್ತಿದ್ರೆ..."

ಅತ್ತೆಯ ಕೈ ನಿಂತಿತು. ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು:

"ಇದಕ್ಕೂ ಬರವಣಿಗೆಯಲ್ಲೇ ಉತ್ತರ ಕೊಡ್ಲಾ, ಮಾನ್ಯರೇ?"