ಗೌರಾಬಾಯಿಯ ಪ್ರಸಾದದ ಪೇಢೆ

ಜೋಳದ ಡಬ್ಬಿಯಲ್ಲಿ ಮೊಣಕೈತನಕ ತಡಕಾಡಿದರೂ ಗೌರಾಬಾಯಿಗೆ ಪೇಢೆಯ ಪೊಟ್ಟಣ ಸಿಗಲಿಲ್ಲ. ತಿಂಗಳೊಳಗೆ ನಾಲ್ಕನೆಯ ಕಳವು!

"ಕಬ್ಬು ಕಡಿಯೋ ಗ್ಯಾಂಗಿನ ಹುಡುಗರಿಗೆ ಹಂಚಿದೆ," ಎಂದ ಕಟ್ಟೆಯ ಮೇಲಿದ್ದ ಗಂಡ ಮುರಗೆಪ್ಪ. "ಡಾಕ್ಟರ್ ನಿನಗ ಸಿಹಿ ಬ್ಯಾಡ ಅಂದಿಲ್ಲೇನು?" ತಂಬಿಗೆ ನೀರನ್ನು ಗಟಗಟ ಕುಡಿದು ಕಾಲ್ಬೆರಳಿನ ಅರಿವೆ ಬಿಗಿಮಾಡಿಕೊಂಡ. ಕಬ್ಬಿನ ಕೂಳೆ ಚುಚ್ಚಿದ ಗಾಯ ತಿಂಗಳಾದರೂ ಮಾಯ್ದಿರಲಿಲ್ಲ.

ಗೌರಾಬಾಯಿ ಬಲು ಜಾಣೆ. ಪೇಢೆ ಕೊಂಡರೆ ಮೊದಲು ಗುಡಿಗೆ ಒಯ್ದು ನೈವೇದ್ಯ ಮಾಡಿಸುತ್ತಿದ್ದಳು. ಪ್ರಸಾದವನ್ನು ಉಗಾರ ಬುದ್ರುಕದಲ್ಲಿ ಯಾರೂ ತಿಪ್ಪೆಗೆ ಎಸೆಯುವುದಿಲ್ಲವಲ್ಲ!

ನರ್ಸಿಂಗ್ ಕಲಿಯುವ ಮೊಮ್ಮಗಳು ಸ್ನೇಹಲ ಚಿಕ್ಕೋಡಿಯಿಂದ ಸಕ್ಕರೆ ನೋಡುವ ಮಿಷನ್ ತಂದಿದ್ದಳು. ಅಜ್ಜಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಸ್ನೇಹಲ ಪಟ್ಟಿ ಸಿಕ್ಕಿಸಿ, ಅಜ್ಜಿಯ ಬೆರಳ ಬದಿಗೆ ಚುಚ್ಚಿ, ರಕ್ತದ ಹನಿ ತಾಗಿಸಿದಳು. ಐದು ಎಣಿಸುವಷ್ಟರಲ್ಲಿ 412!

"ಆಯಿ, ಬೆಲ್ಲ ಕುಟ್ಟಿ ಬಂದಿ ಏನ? ಕೈಗೆ ಹತ್ತಿದ ಬೆಲ್ಲಾನೂ ಮಿಷನ್ ಎಣಿಸ್ತೈತಿ!"

ಸಾಬೂನು ಹಚ್ಚಿ ತೊಳೆದು, ಒರೆಸಿ, ಹೊಸ ಪಟ್ಟಿ ಹಾಕಿದರೆ 118.

"ಖಾಲಿ ಹೊಟ್ಟೀಲೆ ನೂರಾ ಮೂವತ್ತರೊಳಗ ಇರಬೇಕು. ಉಂಡ ಎರಡು ತಾಸಿಗೆ ನೂರಾ ಎಂಬತ್ತರೊಳಗ."

ರೊಟ್ಟಿ ತಿಂದು, ಮರೆಯಲ್ಲಿ ಎರಡು ಪೇಢೆಯನ್ನೂ ನುಂಗಿ, ಎರಡು ತಾಸಿನ ಮೇಲೆ ಅಜ್ಜಿ ತಾನೇ ಚುಚ್ಚಿಕೊಂಡಳು. 236. ಒಳಗೆ ಹೋಗಿ, ಹಾಸಿಗೆ ಸುರುಳಿಯೊಳಗಿನ ಕೊನೆಯ ಪೊಟ್ಟಣ ತಂದು ಮೊಮ್ಮಗಳ ಉಡಿಗೆ ಹಾಕಿದಳು.

"ನೀವೆಲ್ಲಾ ಬೈತಿದ್ರಿ, ನನಗ ಹಟ ಬರ್ತಿತ್ತು. ಇದು ಬೈಯಂಗಿಲ್ಲವ್ವ, ಇದ್ದದ್ದು ಹೇಳ್ತೈತಿ," ಎಂದು ಕಣ್ಣೊರೆಸಿಕೊಂಡಳು.

ಹೊಸ ವಿದ್ಯೆ ಸುಮ್ಮನಿರಲು ಬಿಡಲಿಲ್ಲ. "ಬರ್ರಿ, ನಿಮ್ಮದೂ ನೋಡ್ತೀನಿ," ಎಂದು ಗಂಡನ ಕೈ ತಾನೇ ತೊಳೆದು, ಹೊಸ ಸೂಜಿಯಿಂದ ಚುಚ್ಚಿದಳು. ಅಂಕಿಯೇ ಬರಲಿಲ್ಲ, ಎರಡು ಇಂಗ್ಲಿಷ್ ಅಕ್ಷರ ಬಂದವು.

"ಸ್ನೇಹಲ, ಮಿಷನ್ ಕೆಟ್ಟೈತಿ ನೋಡ!"

ಸ್ನೇಹಲ ಮತ್ತೆ ಕೈ ತೊಳೆಸಿ, ಬೇರೆ ಪಟ್ಟಿ ಹಾಕಿದಳು. ಅವೇ ಎರಡು ಅಕ್ಷರ. ಅವಳ ಮುಖ ಬಿಳಿಚಿತು. "ಕೆಟ್ಟಿಲ್ಲ ಆಯಿ. ಆರುನೂರು ದಾಟಿದ್ರ ಇದಕ್ಕ ಎಣಿಸಾಕ ಬರಂಗಿಲ್ಲ. ಮುತ್ಯಾ, ಏನ್ ತಿನ್ನಾಕತ್ತಿದ್ದಿ?"

ಮುರಗೆಪ್ಪ ತಲೆ ತಗ್ಗಿಸಿದ. "ಗ್ಯಾಂಗು ಊರಿಗೆ ಹೋಗಿ ತಿಂಗಳಾತು. ಪ್ರಸಾದ ಒಗೆಯೋದ ಹೆಂಗ? ಇಟ್ರ ಇಕಿ ತಿಂತಾಳ, ಸಾಯ್ತಾಳ. ಅದಕ ಎಲ್ಲಾ ನಾನ ತಿಂದೆ."

ಗೌರಾಬಾಯಿ ಬಗ್ಗಿ ಅವನ ಕಾಲ್ಬೆರಳಿನ ಅರಿವೆ ಬಿಚ್ಚಿದಳು; ಬೆರಳು ಕಪ್ಪಾಗಿತ್ತು.

ಸಂಜೆ ಅಥಣಿಯ ಆಸ್ಪತ್ರೆಯಲ್ಲಿ ಸಲೈನ್, ಇನ್ಸುಲಿನ್ ಎರಡೂ ಏರುತ್ತಿದ್ದವು. ಕಪ್ಪಾದ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು. ನರ್ಸ್ ಮತ್ತೊಮ್ಮೆ ಚುಚ್ಚಿ ನೋಡಿದಾಗ ಗೌರಾಬಾಯಿ ತಾನೇ ಬಗ್ಗಿ ಅಂಕಿ ಓದಿದಳು. 412.

"ಬಾಯಾರ," ಎಂದಳು ನರ್ಸಿಗೆ ಆಸೆಯಿಂದ, "ಇವರ ಕೈಗೆ ಬೆಲ್ಲ ಹತ್ತಿರಬೇಕು, ನೋಡ್ರಿ."

ಗಂಡನ ಕೈಯನ್ನು ಮೂಗಿಗೆ ಹಿಡಿದು ನೋಡಿದಳು. ಬರೀ ಸಾಬೂನಿನ ವಾಸನೆ.