ಗೋಡೆಗೂ ಕಲ್ಲಿಗೂ ನಡುವೆ ಎರಡು ಇಂಚು

ಸಿಟ್ಟಿನಲ್ಲಿದ್ದಾಗ ಏನನ್ನೂ ಬರೆಯಬಾರದು, ಆರಿದ ಮೇಲೆ ಬರೆಯಬೇಕು ಎಂದು ತಿಳಿದವರು ಹೇಳುತ್ತಾರೆ. ನಾನೂ ಕಾದೆ. ನಾಲ್ಕು ತಿಂಗಳಾಯಿತು, ಆರಲಿಲ್ಲ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಪಟ್ಟಿ ಉದ್ದವಿದೆ. ನನ್ನ ಸೋದರಮಾವ, ಪರೀಕ್ಷೆಯ ಕೋಣೆಯ ಮೇಲ್ವಿಚಾರಕರು, ಉತ್ತರಪತ್ರಿಕೆಯನ್ನು ಓದದೆ ಅಂಕ ಕೊಟ್ಟ ಪುಣ್ಯಾತ್ಮರು, ಹುನಗುಂದದ ಒಂದು ಮನೆಯ ಸೊಟ್ಟ ಗೋಡೆ, ಕೊನೆಗೆ ನಾನು. ಕೊನೆಯ ಹೆಸರನ್ನು ಮೊದಲೇ ಬರೆಯಬೇಕಿತ್ತು. ಅದು ಅಭ್ಯಾಸವಿಲ್ಲ.

ನಾನು ಹತ್ತನೆಯ ತರಗತಿಯನ್ನು ಪ್ರಥಮ ದರ್ಜೆಯಲ್ಲಿ ಪಾಸಾದವನು. ಗಣಿತದಲ್ಲಿ ಎಂಬತ್ತೊಂಬತ್ತು. ಅದಕ್ಕಾಗಿ ನಾನು ಪಟ್ಟ ಶ್ರಮ ಎಂದರೆ ಕುಳಗೇರಿ ಕ್ರಾಸಿಗೆ ಬಸ್ಸಿನಲ್ಲಿ ಹೋದದ್ದು. ಆ ಕಡೆ ಮಾವನ ಊರು. ಅಲ್ಲಿನ ಕೇಂದ್ರ 'ಸಡಿಲ' ಎಂಬ ಖ್ಯಾತಿ ಇತ್ತು. ವ್ಯವಸ್ಥೆ ಮಾತ್ರ ಸಡಿಲವಿರಲಿಲ್ಲ. ಪರೀಕ್ಷೆ ಶುರುವಾಗಿ ಅರ್ಧ ಗಂಟೆಯೊಳಗೆ ಪ್ರಶ್ನೆಪತ್ರಿಕೆ ಹೊರಗೆ. ಕಾಂಪೌಂಡಿನ ಹಿಂದಿನ ಕಣದಲ್ಲಿ ಲೆಕ್ಕ ಬಲ್ಲವನೊಬ್ಬ ಕುಳಿತು ಬಿಡಿಸುತ್ತಿದ್ದ. ಹಾಳೆಗಳ ನಡುವೆ ಕಾರ್ಬನ್ ಇಟ್ಟು ಒಮ್ಮೆಗೆ ನಾಲ್ಕು ಪ್ರತಿ. ಮಾವ ಅವನ್ನು ಕಲ್ಲಿಗೆ ಸುತ್ತಿ, ದಾರ ಬಿಗಿದು, ಕಿಟಕಿಯ ಸರಳುಗಳ ನಡುವೆ ಒಗೆಯುತ್ತಿದ್ದ. ನಾಲ್ಕನೆಯ ಪ್ರತಿ ಮಸುಕು; ಅದು ಬಂದವನ ಹಣೆಬರಹವೂ ಮಸುಕು. ಮೇಲ್ವಿಚಾರಕರು ನಮಗೆ ಬೆನ್ನು ಮಾಡಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ತನಿಖಾ ತಂಡದ ಜೀಪು ಕಂಡರೆ ಎರಡು ಸಲ ಕೆಮ್ಮು. ಕೆಮ್ಮು ಕೇಳಿದೊಡನೆ ಇಡೀ ಕೋಣೆ ತಲೆ ತಗ್ಗಿಸಿ ಯೋಚಿಸುವ ಮುಖ ಮಾಡುತ್ತಿತ್ತು. ಮೂರು ಗಂಟೆಯಲ್ಲಿ ನಾವು ಸ್ವಂತವಾಗಿ ಮಾಡುತ್ತಿದ್ದ ಕೆಲಸ ಅದೊಂದೇ.

ಪೈಥಾಗೊರಸನ ಪ್ರಮೇಯ ಬಂದಿತ್ತು. ಅದಕ್ಕೆ ಕಲ್ಲಿನ ಅಗತ್ಯವಿರಲಿಲ್ಲ; ಗೈಡಿನಿಂದ ಹರಿದ ಹಾಳೆ ನನ್ನ ಕಾಲುಚೀಲದಲ್ಲೇ ಇತ್ತು. ಕಂಡದ್ದನ್ನೆಲ್ಲ ಇಳಿಸಿದೆ. ಕೊನೆಯಲ್ಲಿ 'ಉಳಿದ ಭಾಗಕ್ಕೆ ಮುಂದಿನ ಪುಟ ನೋಡಿ' ಎಂಬುದನ್ನೂ ಇಳಿಸಿದೆ. ಮುಂದಿನ ಪುಟ ನನ್ನ ಬಳಿ ಇರಲಿಲ್ಲ. ತಿದ್ದಿದವರಿಗೂ ಅದು ಬೇಕಾಗಲಿಲ್ಲ.

ಆ ಅಂಕಪಟ್ಟಿ ನೋಡಿ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಸಾಹುಕಾರರು ನನಗೆ ಆಫೀಸಿನಲ್ಲಿ ಕುರ್ಚಿ ಕೊಟ್ಟರು. ಮೊದಲ ವಾರವೇ ಏಳು ಅಡಿ ಆರು ಇಂಚನ್ನು ಕ್ಯಾಲ್ಕುಲೇಟರಿನಲ್ಲಿ ಏಳು ಚುಕ್ಕೆ ಆರು ಎಂದು ಒತ್ತಿದೆ. ಅಡಿಗೆ ಹನ್ನೆರಡು ಇಂಚು, ಆದ್ದರಿಂದ ಅದು ಏಳೂವರೆ, ಏಳು ಚುಕ್ಕೆ ಐದು ಎಂದು ಕಲ್ಲು ಹೊರುವವರು ನನಗೆ ಕಲಿಸಿದರು. ಅಂದಿನಿಂದ ಯಾವ ಲೆಕ್ಕವನ್ನೂ ಒಬ್ಬನೇ ಮಾಡಲಿಲ್ಲ. "ನೀ ಒಮ್ಮೆ ನೋಡಪಾ, ನನ್ನ ಕಣ್ಣು ಉರಿಯಾಕತ್ತಾವ" ಎನ್ನುತ್ತಿದ್ದೆ. ಮೂವತ್ತು ವರ್ಷ ಕಣ್ಣು ಉರಿಯಿತು. ಮಾವ ಬಂದಾಗಲೆಲ್ಲ ನನ್ನ ಕುರ್ಚಿ ತಟ್ಟಿ, "ನಾ ಒಗದ ಕಲ್ಲಿನ ಮ್ಯಾಲ ನಿಂತೀ ಲೇ ಸಂಗ್ಯಾ" ಎನ್ನುತ್ತಿದ್ದ. ನಾನೂ ಹಲ್ಲು ಕಿರಿಯುತ್ತಿದ್ದೆ. ಆ ಹಲ್ಲುಗಳ ಮೇಲೂ ಈಗ ಸಿಟ್ಟಿದೆ.

ನಾಲ್ಕು ತಿಂಗಳ ಹಿಂದೆ ಅಳತೆ ತೆಗೆಯುವವನು ಕೆಲಸ ಬಿಟ್ಟ. ಸಾಹುಕಾರರು ನನ್ನನ್ನೇ ಹುನಗುಂದಕ್ಕೆ ಕಳಿಸಿದರು. ನೀಲವ್ವ ಎಂಬ ಅಂಗನವಾಡಿ ಕಾರ್ಯಕರ್ತೆಯ ಅಡುಗೆಮನೆಯ ಕಟ್ಟೆಗೆ ಒಂದೇ ಕೆಂಪು ಕಲ್ಲು ಬೇಕಿತ್ತು. ನಾನು ಟೇಪು ಹಿಡಿದು ಹಿಂದಿನ ಗೋಡೆಯ ಉದ್ದ ಎಂಟು ಅಡಿ, ಅಗಲ ಎರಡು ಅಡಿ ಎಂದು ಬರೆದುಕೊಂಡು, ಚಹಾ ಕುಡಿದು ಬಂದೆ. ಬಲ್ಲವರು ಹಿಂದೆ ಒಮ್ಮೆ, ಮುಂದೆ ಒಮ್ಮೆ ಅಳೆದು, ಮೂಲೆ ನೆಟ್ಟಗಿದೆಯೇ ಎಂದೂ ನೋಡುತ್ತಾರಂತೆ. ನನಗೆ ಕೋಣೆ ಎಂದರೆ ಪುಸ್ತಕದ ಆಯತ.

ಕಲ್ಲು ಕತ್ತರಿಸಿ, ಪಾಲಿಶ್ ಆಗಿ, ಟೆಂಪೋದಲ್ಲಿ ಹೋಯಿತು. ಜೊತೆಗೆ ನಾನು, ಸಾಹುಕಾರರು, ಕಲ್ಲು ಕೂರಿಸುವ ಗೌಂಡಿ ಹುಸೇನಸಾಬ. ನಾಲ್ವರು ಹಮಾಲರು ಎತ್ತಿ ಕೂರಿಸಿದರು. ಹಿಂದೆ ಸರಿಯಾಗಿ ಕೂತಿತು. ಮುಂದೆ ಬಲಗಡೆ ಗೋಡೆಗೂ ಕಲ್ಲಿಗೂ ನಡುವೆ ಎರಡು ಇಂಚು ಬಾಯಿ ತೆರೆದಿತ್ತು. ನೀಲವ್ವ ಅದರೊಳಗೆ ಕೈ ಇಳಿಸಿ ನೋಡಿದಳು.

"ಏನಪಾ ಸಂಗಪ್ಪಾ, ಕಟ್ಟಿ ಮಾಡೀಯೋ, ಇಲಿಗೆ ಹಾದಿ ಬಿಟ್ಟೀಯೋ?"

"ಗ್ವಾಡಿ ಸೊಟ್ಟ ಐತ್ರಿ ಅಕ್ಕಾರ."

"ಗ್ವಾಡಿ ನಮ್ಮ ಮಾವನವರ ಕಾಲದಿಂದ ಸೊಟ್ಟನ ಐತಿ. ನೀ ಅಳತಿ ತಗೊಂಡ ದಿನ ಅಷ್ಟ ನೆಟ್ಟಗ ನಿಂತಿತ್ತೇನು?"

"ಹುಸೇನಸಾಬ ಕೂಡ್ಸೂದ್ರಾಗ ಏನೋ..." ಎಂದು ನಾನು ಆರಂಭಿಸಿದೆ. ಹೆಚ್ಚಾದ ಕಲ್ಲನ್ನು ಕತ್ತರಿಸಬಹುದು, ಕಡಿಮೆಯಾದದ್ದನ್ನು ಬೆಳೆಸಲು ಬರುವುದಿಲ್ಲ. ತಪ್ಪು ಯಾರದೆಂದು ಗೊತ್ತಾದರೆ ಕುರ್ಚಿ ಹೋಗುತ್ತದೆ. ಹುಸೇನಸಾಬ ಬಯ್ಯಲಿಲ್ಲ. ಹಮಾಲರ ಕೈಯಲ್ಲಿ ಕಲ್ಲನ್ನು ಇಳಿಸಿ ಗೋಡೆಗೆ ಒರಗಿಸಿದ. ಕಿಸೆಯಿಂದ ಸೀಸದ ಕಡ್ಡಿ ತೆಗೆದು, ಮೂಲೆಯಿಂದ ಒಂದು ಗೋಡೆಗೆ ಮೂರು ಅಡಿ, ಇನ್ನೊಂದು ಗೋಡೆಗೆ ನಾಲ್ಕು ಅಡಿ ಗುರುತು ಹಾಕಿ, ಎರಡರ ನಡುವೆ ಟೇಪು ಹಿಡಿದ.

"ಮೂಲಿ ನೆಟ್ಟಗ, ಕಾಟಕೋನ ಇದ್ರ ಐದು ಫೂಟ್ ಬರಬೇಕ್ರಿ. ಇಲ್ಲಿ ಐದು ಫೂಟ್ ಎರಡೂವರಿ ಇಂಚ್ ಬಂತು. ಮೂಲಿ ಬಾಯಿ ತಗದೈತಿ. ನಾ ಸಾಲಿ ಮೆಟ್ಟಲಾ ಹತ್ತಿಲ್ಲ, ನನಗ ಇಷ್ಟ ಗೊತ್ತು."

ಸಾಹುಕಾರರು ನನ್ನತ್ತ ತಿರುಗಿದರು. "ನಿನಗ ಗಣಿತದಾಗ ಎಂಬತ್ತೊಂಬತ್ತು ಅಲ್ಲೇನೋ? ಮೂರು, ನಾಕು ಇದ್ದಾಗ ಐದ ಯಾಕ ಬರ್ತೈತಿ, ಹೇಳು ನೋಡೂಣು."

ಆ ಅಡುಗೆಮನೆಗೆ ಒಂದು ಕಿಟಕಿ ಇತ್ತು. ನನ್ನ ಕಣ್ಣು ತಾನಾಗಿ ಅತ್ತ ಹೋಯಿತು. ಹೊರಗೆ ಒಂದು ಆಡು ನಿಂತು ನನ್ನನ್ನು ನೋಡುತ್ತಿತ್ತು. ಅದಕ್ಕೂ ಉತ್ತರ ಗೊತ್ತಿರಲಿಲ್ಲ. ಆ ಕ್ಷಣ ನನಗೆ ಬಂದ ಸಿಟ್ಟು ಎಷ್ಟೆಂದರೆ, ಮಾವ ಎದುರಿಗಿದ್ದಿದ್ದರೆ ಅವನು ಒಗೆದ ಕಲ್ಲುಗಳನ್ನೆಲ್ಲ ಎಣಿಸಿ ಹಿಂದಿರುಗಿಸುತ್ತಿದ್ದೆ. ನನಗೆ ಅರ್ಥವಾಗುವ ವಯಸ್ಸಿನಲ್ಲಿ, ಅರ್ಥವಾಗುವಷ್ಟೇ ಇದ್ದ ಒಂದು ಸಂಗತಿಯನ್ನು ಎಲ್ಲರೂ ಪ್ರೀತಿಯಿಂದ ಸೇರಿ ನನ್ನಿಂದ ತಪ್ಪಿಸಿದ್ದರು. ನಾನೂ ಪ್ರೀತಿಯಿಂದಲೇ ತಪ್ಪಿಸಿಕೊಂಡಿದ್ದೆ.

"ಕಾಪಿ ಹೊಡದ ಪಾಸಾಗೇನ್ರಿ" ಎಂದೆ. "ತಪ್ಪು ನಂದರೀ. ಹುಸೇನಸಾಬಂದಲ್ಲ."

ನೀಲವ್ವ, "ನನಗ ತ್ಯಾಪಿ ಹಚ್ಚಿದ ಕಲ್ಲು ಬ್ಯಾಡ್ರಿ, ಹೊಸಾದ ತರ್ರಿ" ಎಂದಳು. ಸಾಹುಕಾರರು ಮೀಸೆ ಎಳೆದುಕೊಂಡು, "ಈ ಮನಶಾನ ಏನ ಮಾಡೂಣು, ನೀನ ಹೇಳು ಹುಸೇನಸಾಬ" ಎಂದರು. ನಾನು ಒಂದು ಗಳಿಗೆಯ ಹಿಂದೆ ಯಾರ ತಲೆಗೆ ತಪ್ಪು ಕಟ್ಟಲು ಹೊರಟಿದ್ದೆನೋ ಅವನ ಬಾಯಿಮಾತಿನ ಮೇಲೆ ನನ್ನ ಅನ್ನ ನಿಂತಿತ್ತು.

ಹುಸೇನಸಾಬ ಟೇಪು ಸುತ್ತುತ್ತಲೇ ಹೇಳಿದ: "ಟೇಪಿಗೆ ಎರಡು ತುದಿ ಇರ್ತಾವ್ರಿ. ಒಂದ ಹಿಡಿಯಾಕ ನನಗ ಮನಶಾ ಬೇಕು. ಕಲೀತಾರ ತಗೋರಿ."

ಹೀಗೆ ಐವತ್ತರ ಹತ್ತಿರದಲ್ಲಿ ನಾನು ಮತ್ತೆ ವಿದ್ಯಾರ್ಥಿ. ಕುರ್ಚಿ ಹೋಯಿತು, ಕೆಲಸ ಉಳಿಯಿತು. ಮೂರರ ವರ್ಗ, ನಾಲ್ಕರ ವರ್ಗ ಕೂಡಿದರೆ ಐದರ ವರ್ಗ ಎಂಬುದು ಈಗ ನನಗೆ ನಿಜವಾಗಿ ಗೊತ್ತು. ಇಷ್ಟು ಸುಲಭವಿತ್ತೇ ಎಂದು ತಿಳಿದ ದಿನ ಸಿಟ್ಟು ಇಮ್ಮಡಿಯಾಯಿತು.

ಬೇಡವಾದ ಕಲ್ಲನ್ನು ಸಾಹುಕಾರರು ನನ್ನ ಮನೆಗೇ ಹಾಕಿಸಿದರು. ನಮ್ಮ ಅಡುಗೆಮನೆಯ ಗೋಡೆ ನೆಟ್ಟಗಿದೆ, ನಾನೇ ಅಳೆದು ನೋಡಿದ್ದೇನೆ. ಆದರೆ ಅದರ ಉದ್ದ ಎಂಟು ಅಡಿ ಎರಡು ಇಂಚು. ಹಾಗಾಗಿ ಬಲತುದಿಗೆ ಇಲ್ಲೂ ಎರಡು ಇಂಚಿನ ಸಂದು. ಜೀರಿಗೆ, ಚಮಚ, ಬೆಳ್ಳುಳ್ಳಿ ಎಲ್ಲ ಅದರಲ್ಲಿ ಬೀಳುತ್ತವೆ. ದಿನಾ ಸಂಜೆ ನಾನು ನೆಲದ ಮೇಲೆ ಕೂತು, ಕಟ್ಟಿಗೆಯ ತುಂಡಿನಿಂದ ಒಂದೊಂದಾಗಿ ಹೊರಗೆ ಎಳೆಯುತ್ತೇನೆ. ಹೆಂಡತಿ ಮೇಲೆ ನಿಂತು ರೊಟ್ಟಿ ಬಡಿಯುತ್ತ, "ಪೂರಾ ಬಂತೇನ್ರಿ? ಸರಿಯಾಗಿ ನೋಡ್ರಿ" ಎನ್ನುತ್ತಾಳೆ. ಕತ್ತಲಲ್ಲಿ ಏನೂ ಕಾಣದಿದ್ದರೂ ನಾನು, "ಪೂರಾ ಬಂತು" ಎಂದುಬಿಡುತ್ತೇನೆ.